ಒಂದೇ ಉಸಿರಿಗೆ ಹದಿನಾಲ್ಕು

ಪುತ್ತೂರಿನ ನಮ್ಮ ಬೀದಿಯವರು ಅರ್ಜಿ ಬರೆಸಲು ಈಗಲೂ ನನ್ನಲ್ಲಿಗೆ ಬರುವುದುಂಟು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ತಪ್ಪಿಗೆ ಇದು ನನಗೆ ಅಂಟಿದ ಕೆಲಸ. ಬ್ಯಾಂಕಿನ ಸಾಲಕ್ಕಿರಲಿ, ಅಂಗಳದ ಕರೆಂಟು ಕಂಬ ತೆಗೆಸುವುದಕ್ಕಿರಲಿ, ಉದ್ಯೋಗಕ್ಕಿರಲಿ, ನನ್ನ ಬಳಿ ಇದ್ದದ್ದು ಒಂದೇ ಅಚ್ಚು. ‘ತಮ್ಮ ಜಾಹೀರಾತನ್ನು ಕಂಡು ವಿನಮ್ರವಾಗಿ ಬರೆದುಕೊಳ್ಳುವುದೇನೆಂದರೆ’ ಎಂದು ಶುರುವಾಗಿ, ‘ಪ್ರಾಮಾಣಿಕತೆಯಿಂದ ದುಡಿಯುತ್ತೇನೆಂದು ಭರವಸೆ ಕೊಡುತ್ತೇನೆ’ ಎಂದು ಮುಗಿಯುವ ಅಚ್ಚು. ಆ ಅಚ್ಚು ಮುರಿದದ್ದು ಕಳೆದ ಮಳೆಗಾಲದ ಕೊನೆಗೆ.

ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಸುಳ್ಯದಾಚೆ ಸಂಪಾಜೆ ಕಡೆಗೆ ಮದುವೆಯಾಗಿ ಹೋದವಳು. ನಮ್ಮ ಭಾಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನರ್ಸ್. “ಮಾಸ್ಟ್ರೇ, ಮಂಗಳೂರಿನ ದೊಡ್ಡ ಆಸ್ಪತ್ರೆಯವರು ಐಸಿಯುಗೆ ನರ್ಸ್ ಬೇಕೆಂದು ಹಾಕಿದ್ದಾರೆ. ಬಯೋಡೇಟಾ ಉಂಟು. ಮೇಲಿಗೊಂದು ಪತ್ರ ಬೇಕಿತ್ತು” ಅಂದಳು. ಇದ್ದ ಕೆಲಸ ಬಿಟ್ಟು ಅಷ್ಟು ದೂರ ಯಾಕಮ್ಮಾ ಎಂದು ಕೇಳಿದೆ. “ತೋಟ ಹಳದಿಯಾಯಿತಲ್ಲ” ಎಂದಳು. ಆ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಬಂದ ಸಂಗತಿ ಓದುಗರಿಗೆ ಗೊತ್ತೇ ಇದೆ. ಮರ ನಿಂತೇ ಇರುತ್ತದೆ, ಗೊನೆ ಮಾತ್ರ ವರ್ಷ ವರ್ಷ ಸಣ್ಣದಾಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿಬ್ಬರು. ಇನ್ನು ಮುಂದೆ ಮನೆ ನಡೆಯಬೇಕಾದದ್ದು ಅವಳ ಸಂಬಳದಿಂದ.

ನಾನು ನನ್ನ ಅಚ್ಚನ್ನೇ ಒತ್ತಿದೆ. ಹನ್ನೆರಡು ವರ್ಷದ ಅಪಾರ ಅನುಭವ, ಸೇವಾ ಮನೋಭಾವ, ಎಷ್ಟೋ ಜೀವ ಉಳಿಸಿದ ಸಾರ್ಥಕತೆ, ಎಲ್ಲವನ್ನೂ ಸೇರಿಸಿದೆ. ಅವಳಿಗೂ ಒಪ್ಪಿಗೆಯಾಯಿತು. ಒಪ್ಪದವರು ಒಬ್ಬರೇ. ನನ್ನ ಹೆಂಡತಿಯ ಅಕ್ಕ ಆ ವಾರ ನಮ್ಮಲ್ಲಿಗೆ ಬಂದಿದ್ದರು. ಮಂಗಳೂರಿನಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಇಂಥ ಅರ್ಜಿಗಳನ್ನು ಆರಿಸುವುದೇ ಅವರ ಕೆಲಸವಾಗಿತ್ತು. ಕನ್ನಡಕ ಏರಿಸಿ ಓದಿ, ಕಾಗದವನ್ನು ಮೇಜಿನ ಮೇಲಿಟ್ಟು ಹೇಳಿದರು: “ಭಾವ, ಇದಕ್ಕೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ವಾರ್ಡಿನಲ್ಲಿ ಬೆಡ್‌ಶೀಟು ಬದಲಿಸಿದವಳಿಗೂ ಸರಿ, ವೆಂಟಿಲೇಟರ್ ನೋಡಿದವಳಿಗೂ ಸರಿ. ಆರಿಸುವವರಿಗೆ ಬೇಕಾದದ್ದು ಇದರಲ್ಲಿಲ್ಲ.”

ಬೇಕಾದದ್ದೇನು? ಅತ್ತಿಗೆ ನನ್ನನ್ನು ಬಿಟ್ಟು ಅವಳ ಕಡೆಗೆ ತಿರುಗಿದರು. ನಿಮ್ಮ ಐಸಿಯುನಲ್ಲಿ ಎಷ್ಟು ಹಾಸಿಗೆ? ಆರು. ವೆಂಟಿಲೇಟರ್? ಎರಡು. ರಾತ್ರಿ ಪಾಳಿಗೆ ಎಷ್ಟು ಜನ ನರ್ಸ್? ಇಬ್ಬರು. ಹಾಗಾದರೆ ಒಬ್ಬಳಿಗೆ ಮೂವರು ರೋಗಿಗಳು ಎಂದು ಅತ್ತಿಗೆ ಲೆಕ್ಕ ಹಾಕಿದರು. ವೆಂಟಿಲೇಟರಿನಲ್ಲಿರುವ ರೋಗಿಗೆ ಒಬ್ಬಳು ನರ್ಸ್ ಎಂಬುದು ದೊಡ್ಡ ಆಸ್ಪತ್ರೆಗಳು ಇಟ್ಟುಕೊಳ್ಳುವ ಅಳತೆ. ಮೂವರನ್ನು ನೋಡಿದವಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಚನೆ ಬಂದಿರುತ್ತದೆ. ಆದರೆ ಒಬ್ಬನೇ ರೋಗಿಯನ್ನು ಗಂಟೆಗಂಟೆಗೂ ಕೂಲಂಕಷವಾಗಿ ಬರೆದಿಡುವ ಅಭ್ಯಾಸ ತಪ್ಪಿರಲೂಬಹುದು. ಓದುವವರಿಗೆ ಎರಡೂ ಗೊತ್ತಾಗಬೇಕು. ‘ಹನ್ನೆರಡು ವರ್ಷ’ ಎಂದರೆ ಎರಡೂ ಗೊತ್ತಾಗುವುದಿಲ್ಲ.

“ಈಗ ಒಬ್ಬ ರೋಗಿಯ ವಿಷಯ ಹೇಳು. ನೀನು ಮಾಡಿದ್ದು ಮಾತ್ರ. ಡಾಕ್ಟರು ಮಾಡಿದ್ದು ಬೇಡ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡಬದ ಕಡೆಯಿಂದ ಬಂದ ಕೂಲಿಯವನೊಬ್ಬನ ಕಥೆ ತೆಗೆದಳು. ಮಳೆಗಾಲ, ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವನು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ. ಕಚ್ಚಿದ ಗುರುತು ಸರಿಯಾಗಿ ಕಾಣದು, ಊತವಿಲ್ಲ, ಉರಿಯಿಲ್ಲ. ಆದರೆ ಕಣ್ಣಿನ ರೆಪ್ಪೆ ಜೋಲುತ್ತಿತ್ತು. ಕಡಂಬಳ ಹಾವಿನ ಕಡಿತ ಹೀಗೆಯೇ. ನಿದ್ದೆಯಲ್ಲಿದ್ದವನಿಗೆ ಕಚ್ಚಿದ್ದೇ ತಿಳಿಯುವುದಿಲ್ಲ. ಅದರ ವಿಷ ನರದ ತುದಿಗಳಿಗೆ ತಾಗಿ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ: ಮೊದಲು ರೆಪ್ಪೆ, ಆಮೇಲೆ ಗಂಟಲು, ಕುತ್ತಿಗೆ, ಕೊನೆಗೆ ಉಸಿರಾಟದ ಸ್ನಾಯು. ಡಾಕ್ಟರು ವಿಷಪ್ರತಿರೋಧಕದ ಹತ್ತು ಬಾಟಲಿ ಡ್ರಿಪ್ಪಿನಲ್ಲಿ ಶುರು ಮಾಡಿಸಿ, ಪಕ್ಕದ ಕೋಣೆಗೆ ಹೋದರು. ರಕ್ತದ ಆಮ್ಲಜನಕ ತೋರಿಸುವ ಯಂತ್ರ 97 ಎನ್ನುತ್ತಿತ್ತು. ಯಂತ್ರವನ್ನೇ ನಂಬಿದರೆ ಎಲ್ಲ ಸರಿಯಾಗಿಯೇ ಇತ್ತು.

“ನಾನು ಅವನಿಗೆ ಉಸಿರು ಎಳೆದು ಒಂದೇ ಉಸಿರಿನಲ್ಲಿ ಒಂದು, ಎರಡು ಎಣಿಸಲು ಹೇಳಿದೆ. ಐದು ಗಂಟೆಗೆ 28ರ ತನಕ ಹೋದ. ಐದೂವರೆಗೆ 22. ಆರಕ್ಕೆ 14ಕ್ಕೆ ನಿಂತ. ದಿಂಬಿನಿಂದ ತಲೆ ಎತ್ತು ಎಂದರೆ ಆಗಲಿಲ್ಲ, ಬಾಯಲ್ಲಿ ಜೊಲ್ಲು ಕಟ್ಟಿತ್ತು. ಯಂತ್ರ ಆಗಲೂ 97. ನಾನು ಡಾಕ್ಟರರನ್ನು ಎಬ್ಬಿಸಿದೆ. ಸಕ್ಷನ್, ಟ್ಯೂಬು, ಮದ್ದು ಎಲ್ಲ ತೆಗೆದಿಟ್ಟಿದ್ದೆ. ಅವರು ಟ್ಯೂಬ್ ಹಾಕಿದರು.”

ಅತ್ತಿಗೆ ಮೊದಲ ಬಾರಿ ತಲೆಯಾಡಿಸಿದರು. ಆರೋಗ್ಯವಂತನು ಒಂದೇ ಉಸಿರಿಗೆ ಮೂವತ್ತು ದಾಟಿ ಎಣಿಸುತ್ತಾನೆ. ಒಂದು ಸಲ ಬಂದ ಸಂಖ್ಯೆಗಿಂತ, ಅದು ಹೇಗೆ ಇಳಿಯುತ್ತಿದೆ ಎಂಬುದು ಮುಖ್ಯ. ಉಸಿರಿನ ಸ್ನಾಯು ಸೋಲುವಾಗ ಆಮ್ಲಜನಕದ ಅಂಕಿ ಇಳಿಯುವುದು ಕಟ್ಟಕಡೆಗೆ. ಇಳಿದ ಮೇಲೆ ಓಡಾಡಿದರೆ ಹೊತ್ತು ಮೀರಿರುತ್ತದೆ. ಈ ಎಣಿಕೆಗೆ ಯಂತ್ರ ಬೇಡ, ಖರ್ಚಿಲ್ಲ. ರೋಗಿಯ ಪಕ್ಕ ನಿಂತು, ಅರ್ಧ ಗಂಟೆಗೊಮ್ಮೆ ಕೇಳಿ, ಬರೆದಿಡುವವರು ಬೇಕು ಅಷ್ಟೆ.

“ಆಮೇಲೆ?” ಎಂದರು ಅತ್ತಿಗೆ. ಐದು ದಿನ ವೆಂಟಿಲೇಟರ್. ಕಡಂಬಳದ ವಿಷ ಒಮ್ಮೆ ನರಕ್ಕೆ ತಾಗಿದ ಮೇಲೆ ಮದ್ದು ಕೊಟ್ಟ ಕೂಡಲೇ ಬಲ ಬರುವುದಿಲ್ಲ. ನರದ ತುದಿ ತಾನಾಗಿ ಸರಿಹೋಗುವ ತನಕ ಯಂತ್ರ ಉಸಿರಾಡಬೇಕು. ಅಂಥವನು ಕಣ್ಣು ತೆರೆಯಲಾರ, ಬೆರಳು ಆಡಿಸಲಾರ, ಆದರೆ ಎಚ್ಚರವಿರಬಹುದು, ಕೇಳುತ್ತಲೂ ಇರಬಹುದು. ಮೆದುಳು ಹೋಯಿತೆಂದು ಮನೆಯವರು ಅಳುವುದುಂಟು. ಇವಳು ಪ್ರತಿ ಸಲ ಬಾಯಿ ಸ್ವಚ್ಛ ಮಾಡುವಾಗ, ಮಗ್ಗುಲು ಬದಲಿಸುವಾಗ, “ಅಣ್ಣಾ, ಈಗ ಎಡಕ್ಕೆ ತಿರುಗಿಸುತ್ತೇನೆ” ಎಂದು ಹೇಳಿಯೇ ಮುಟ್ಟುತ್ತಿದ್ದಳಂತೆ. ರೆಪ್ಪೆ ಪೂರ್ತಿ ಮುಚ್ಚದ ಕಣ್ಣು ಒಣಗದಂತೆ ಮುಲಾಮು ಹಾಕುತ್ತಿದ್ದಳು. ಟ್ಯೂಬ್ ತೆಗೆದ ಮೇಲೆ ಅವನು ಆಡಿದ ಮೊದಲ ಮಾತುಗಳಲ್ಲಿ ಒಂದು, “ಅಕ್ಕಾ, ಎಲ್ಲ ಕೇಳುತ್ತಿತ್ತು.”

ನನ್ನ ಕಾಗದದಲ್ಲಿ ‘ಎಷ್ಟೋ ಜೀವ ಉಳಿಸಿದ್ದೇನೆ’ ಎಂದಿದ್ದ ಸಾಲನ್ನು ಅತ್ತಿಗೆ ಪೆನ್ನಿನಿಂದ ಹೊಡೆದುಹಾಕಿದರು. “ಅದನ್ನು ಹೇಳಬೇಕಾದವರು ನೀನಲ್ಲ. ನೀನು ಏನು ಕಂಡೆ, ಎಷ್ಟು ಹೊತ್ತಿಗೆ ಕಂಡೆ, ಯಾರಿಗೆ ಹೇಳಿದೆ, ಅದನ್ನು ಬರೆ. ‘ನಾನು ಟ್ಯೂಬ್ ಹಾಕಿದೆ’ ಎಂದೇನಾದರೂ ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀ. ಇನ್ನೊಂದು, ನಿನಗೆ ಬಾರದ್ದು ಏನು?”

ಇದನ್ನು ಕೇಳಿ ಅವಳಿಗಿಂತ ನಾನೇ ಗಾಬರಿಯಾದೆ. ಅರ್ಜಿಯಲ್ಲಿ ಬಾರದ್ದನ್ನು ಬರೆಯುವುದೇ? ಅತ್ತಿಗೆ ನಕ್ಕರು. ಐಸಿಯುನಲ್ಲಿ ಅಪಾಯ ಬರುವುದು ಗೊತ್ತಿಲ್ಲದವಳಿಂದ ಅಲ್ಲ, ಗೊತ್ತಿಲ್ಲವೆಂದು ಹೇಳದವಳಿಂದ. ಹೊಸಬಳನ್ನು ಯಾವ ಹಾಸಿಗೆಗೆ ಹಾಕಬೇಕು, ಏನು ಕಲಿಸಬೇಕು ಎಂದು ಅಲ್ಲಿಯ ಇನ್‌ಚಾರ್ಜ್ ತೀರ್ಮಾನಿಸುವುದು ಆ ಸಾಲಿನಿಂದಲೇ.

ಕೊನೆಗೆ ಇಂಗ್ಲಿಷಿನಲ್ಲಿ ಒಂದೇ ಪುಟಕ್ಕೆ ಬಂದ ಪತ್ರದ ಕನ್ನಡ ರೂಪ ಇದು:

‘ಮಾನ್ಯರೆ, ನಿಮ್ಮ ಐಸಿಯು ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಜಿಎನ್‌ಎಂ ಮಾಡಿದ್ದೇನೆ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ ಚಾಲ್ತಿಯಲ್ಲಿದೆ, ಪ್ರತಿ ಲಗತ್ತಿಸಿದೆ. 12 ವರ್ಷದ ಸೇವೆಯಲ್ಲಿ ಕೊನೆಯ 7 ವರ್ಷ 6 ಹಾಸಿಗೆ, 2 ವೆಂಟಿಲೇಟರುಗಳ ಐಸಿಯುನಲ್ಲಿ. ರಾತ್ರಿ ಪಾಳಿಯಲ್ಲಿ ಸಾಮಾನ್ಯವಾಗಿ ಮೂವರು ರೋಗಿಗಳ ಹೊಣೆ ನನ್ನದು.

‘ಹಾವು ಕಡಿತ, ಇಲಿಜ್ವರ, ಅಡಿಕೆ ಮರದಿಂದ ಬಿದ್ದ ಗಾಯ ನಮ್ಮಲ್ಲಿಗೆ ಹೆಚ್ಚಾಗಿ ಬರುವ ಕೇಸುಗಳು. ಕಡಂಬಳ ಕಚ್ಚಿದ ರೋಗಿಯೊಬ್ಬರ ಒಂದೇ ಉಸಿರಿನ ಎಣಿಕೆ ಒಂದು ಗಂಟೆಯಲ್ಲಿ 28ರಿಂದ 14ಕ್ಕೆ ಇಳಿದದ್ದನ್ನು, ಆಮ್ಲಜನಕದ ಅಂಕಿ 97 ಇದ್ದಾಗಲೇ ವೈದ್ಯರಿಗೆ ತಿಳಿಸಿ ಟ್ಯೂಬ್ ಹಾಕಲು ಸಿದ್ಧತೆ ಮಾಡಿದ್ದೆ. ಐದು ದಿನ ಅವರ ವೆಂಟಿಲೇಟರ್ ಆರೈಕೆಯ ಪಾಳಿಗಳಲ್ಲಿ ನಾನಿದ್ದೆ. ವೈದ್ಯರ ಲಿಖಿತ ಆದೇಶದಂತೆ ಸಿರಿಂಜ್ ಪಂಪಿನಲ್ಲಿ ನಾರ್‌ಅಡ್ರಿನಲಿನ್ ಏರಿಸಿ ಇಳಿಸುವುದು, ರಕ್ತದ ಅನಿಲ ಪರೀಕ್ಷೆಯ ವರದಿ ಓದಿ ತಿಳಿಸುವುದು ಅಭ್ಯಾಸವಿದೆ.

‘ಹಾಸಿಗೆಯ ಪಕ್ಕದಲ್ಲೇ ನಿರಂತರ ಡಯಾಲಿಸಿಸ್ ನಡೆಸಿದ ಅನುಭವ ನನಗಿಲ್ಲ, ಹೃದಯ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ನೋಡಿಲ್ಲ. ಇವುಗಳಲ್ಲಿ ತರಬೇತಿ ಪಡೆದು ಪರೀಕ್ಷೆಯಾದ ಮೇಲೆಯೇ ಹೊಣೆ ಹೊರಲು ಸಿದ್ಧಳಿದ್ದೇನೆ. ಈಗಿನ ಕೆಲಸದಲ್ಲಿ ಒಂದು ತಿಂಗಳ ನೋಟಿಸ್ ಕೊಡಬೇಕು. ಅದನ್ನು ಪೂರ್ತಿ ಮಾಡಿಯೇ ಬರುತ್ತೇನೆ.’

ರೋಗಿಯ ಹೆಸರಿಲ್ಲ, ಊರಿಲ್ಲ. ಹಳೆಯ ಆಸ್ಪತ್ರೆಯ ಬಗ್ಗೆ ದೂರಿಲ್ಲ, ತೋಟದ ಕಷ್ಟವೂ ಇಲ್ಲ. “ಅದು ಅವರಿಗೆ ತಿಳಿದು ಆಗಬೇಕಾದ್ದೇನೂ ಇಲ್ಲ. ಸಂಬಳದ ಮಾತು ಕೇಳಿದಾಗ ಎದೆಯೆತ್ತಿ ಹೇಳು” ಎಂದಿದ್ದರು ಅತ್ತಿಗೆ.

ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಕೇಳಿದ್ದು ಮುಖ್ಯವಾಗಿ ಎರಡಂತೆ. 97 ಇದ್ದಾಗ ಡಾಕ್ಟರರನ್ನು ಯಾಕೆ ಎಬ್ಬಿಸಿದಿರಿ ಎಂಬುದು ಮೊದಲನೆಯದು. ಎಬ್ಬಿಸಿದ್ದಕ್ಕೆ ಅವರು ಬೈದಿದ್ದರೆ ಏನು ಮಾಡುತ್ತಿದ್ದಿರಿ ಎಂಬುದು ಎರಡನೆಯದು. “ಮತ್ತೆ ಹದಿನೈದು ನಿಮಿಷಕ್ಕೆ ಎಣಿಸಿ, ಮತ್ತೆ ಎಬ್ಬಿಸುತ್ತಿದ್ದೆ” ಎಂದಳಂತೆ. ಕೆಲಸ ಸಿಕ್ಕಿತು. ಮೊದಲ ಮೂರು ತಿಂಗಳು ತರಬೇತಿ. ಡಯಾಲಿಸಿಸ್ ಯಂತ್ರದ ಹತ್ತಿರ ಒಬ್ಬಳೇ ನಿಲ್ಲುವಂತಿಲ್ಲ.

ಹೊರಡುವ ಮುಂಚೆ ಹೇಳಿಹೋಗಲು ಬಂದಿದ್ದಳು. ನೋಟಿಸಿನ ತಿಂಗಳು ಹೇಗೆ ಕಳೆಯಿತು ಎಂದೆ. ರಾತ್ರಿ ಪಾಳಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಈ ಎಣಿಕೆ ಕಲಿಸಿದಳಂತೆ. ಕೇಸ್ ಶೀಟಿನಲ್ಲಿ ಅದಕ್ಕೆಂದೇ ಒಂದು ಗೀಟು ಎಳೆಸಿದ್ದಾಳೆ. “ಮುಂದಿನ ಮಳೆಗಾಲಕ್ಕೆ ನಾನು ಇರುವುದಿಲ್ಲವಲ್ಲ ಮಾಸ್ಟ್ರೇ. ಕಡಂಬಳ ಇರುತ್ತದೆ.”