ಕಲ್ಯಾಣ ಮಂಟಪದ ಹೊರದಾರಿ

ಮಾದನಾಯಕನಹಳ್ಳಿಯ ಸುತ್ತ ತುಮಕೂರು ರಸ್ತೆಯಲ್ಲಿ ಕಲ್ಯಾಣ ಮಂಟಪ ಗೊತ್ತುಮಾಡುವಾಗ ನಾವು ಅಡುಗೆಮನೆ, ನೀರು, ಕೋಣೆಗಳನ್ನು ನೋಡುತ್ತೇವೆ. ಹೊರದಾರಿಯನ್ನು ನೋಡುವುದು ವಿರಳ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮಂಟಪವೊಂದರಲ್ಲಿ ಮಹಡಿಯ ಗರಿ ಚಪ್ಪರಕ್ಕೆ ಬೆಂಕಿ ತಗುಲಿ, ವರನೂ ಸೇರಿ 50ಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಗಾಬರಿಗೊಂಡ ಜನ ತಾವು ಬಂದ ಬಾಗಿಲಿಗೇ ಓಡುವರು. ಉಳಿದ ಬಾಗಿಲುಗಳ ಮೇಲೆ ‘ಹೊರದಾರಿ’ ಫಲಕ ಬೆಳಗುತ್ತಿದ್ದರೆ ಅತ್ತಲೂ ಹಂಚಿಹೋಗುವರು. ಹೂವಿನ ಅಲಂಕಾರ ಅದನ್ನು ಮರೆಮಾಡಬಾರದು. ಜನರೇಟರ್ ಇದೆಯೆಂಬ ಸಮಾಧಾನ ಸಾಲದು. ತಂತಿಯೇ ಸುಟ್ಟರೆ ಅದರ ವಿದ್ಯುತ್ತೂ ದೀಪಕ್ಕೆ ತಲುಪದು. ಆದುದರಿಂದ ಫಲಕಕ್ಕೂ ಮೆಟ್ಟಿಲ ದೀಪಕ್ಕೂ ಸ್ವಂತ ಬ್ಯಾಟರಿ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ತುರ್ತು ದೀಪ ಒಂದೂವರೆ ಗಂಟೆ ಉರಿಯಬೇಕು. ಮುಂಗಡ ಕೊಡುವ ಮೊದಲು ಒಂದು ಸಂಜೆ ಹೋಗಿ, ಜನರೇಟರನ್ನು ಚಾಲೂ ಮಾಡದೆ ಮುಖ್ಯ ಸ್ವಿಚ್ಚನ್ನು ಆರಿಸಲು ಹೇಳಿ, ಯಾವ ದೀಪ ಉಳಿಯುವುದೆಂದು ನೋಡೋಣ. ಪ್ರತಿ ಬಾಗಿಲನ್ನೂ ಒಳಗಿನಿಂದ ತೆರೆದು ನೋಡೋಣ. ಬೀಗವೋ ಪೇರಿಸಿದ ಕುರ್ಚಿಗಳೋ ಅಡ್ಡವಿದ್ದರೆ ಆಗಲೇ ತಿಳಿಯುವುದು.

ಹೊರಬಂದವರು ಗೇಟಿನಲ್ಲಿ ನಿಂತರೆ ಅಗ್ನಿಶಾಮಕ ವಾಹನಕ್ಕೆ ದಾರಿಯಿರದು. ರಸ್ತೆಗಿಳಿದರೆ ಲಾರಿಗಳ ಭಯ. ಕಟ್ಟಡದಿಂದ ದೂರದ ಬಯಲೊಂದನ್ನು ಮೊದಲೇ ಗುರುತಿಸಿ, ಎರಡೂ ಕಡೆಯ ಬೀಗರಲ್ಲಿ ಒಬ್ಬೊಬ್ಬ ಹಿರಿಯರು ಅಲ್ಲಿ ತಮ್ಮವರನ್ನು ಎಣಿಸಲಿ. ಇಲ್ಲವಾದರೆ, ಹೊರಗೇ ಇರುವ ಮಗುವನ್ನು ಹುಡುಕುತ್ತ ತಂದೆ ಮರಳಿ ಹೊಗೆಯೊಳಗೆ ಹೊಕ್ಕಾನು.