ಮೂರನೇ ಮಹಡಿಯ ಮೀಟರು

ಹೋದ ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಫೋನು ಬಂತು. ಕಲಬುರಗಿ ಕಡೆಯ ಹೆಣ್ಣುಮಗಳು, ದೆಹಲಿಗೆ ಬಂದು ಹದಿನೆಂಟು ವರ್ಷ. "ಅಣ್ಣಾ, ಮನಿ ತೊಗೊಂಡೀವಿ, ರಿಜಿಸ್ಟ್ರಿನೂ ಆಗ್ಯದ. ಆದ್ರ ಕರೆಂಟಿನ ಮೀಟರ್ ಇಲ್ರಿ."

ಕೊಂಡದ್ದು ಬಿಲ್ಡರ್ ಫ್ಲೋರ್. ದೆಹಲಿಯ ಹೊರಗಿನವರಿಗೆ ಒಂದು ಮಾತು: ಇಲ್ಲಿ ಹಳೆಯ ಮನೆಯೊಂದನ್ನು ಕೆಡವಿ, ಕೆಳಗೆ ಕಾರು ನಿಲ್ಲಿಸುವ ಜಾಗ ಬಿಟ್ಟು, ಮೇಲೆ ನಾಲ್ಕು ಮಹಡಿ ಕಟ್ಟಿ, ಒಂದೊಂದು ಮಹಡಿಯನ್ನು ಒಬ್ಬೊಬ್ಬರಿಗೆ ಮಾರುತ್ತಾರೆ. ಸೊಸೈಟಿ ಇಲ್ಲ, ಕಾರ್ಯದರ್ಶಿ ಇಲ್ಲ. ಮೀಟರನ್ನು ಅವರವರೇ ಹಾಕಿಸಿಕೊಳ್ಳಬೇಕು. ಅಲ್ಲಿಯವರೆಗೆ ಬಿಲ್ಡರ್ ತನ್ನ ಕಟ್ಟಡ ಕೆಲಸದ ತಾತ್ಕಾಲಿಕ ಲೈನಿನಿಂದ ಸಬ್‌ಮೀಟರ್ ಹಾಕಿ ಯೂನಿಟ್ಟಿಗೆ 12 ರೂಪಾಯಿ ವಸೂಲು ಮಾಡುತ್ತಿದ್ದ. ದೆಹಲಿಯಲ್ಲಿ ಮನೆಬಳಕೆಯ ಮೊದಲ 200 ಯೂನಿಟ್‌ಗೆ ದರ ಮೂರು ರೂಪಾಯಿ. ಕೆಲಸ ಮುಗಿದೊಡನೆ ಆ ತಾತ್ಕಾಲಿಕ ಲೈನು ಹೋಗುವುದೂ ಖಚಿತ. ಅಷ್ಟರೊಳಗೆ ಮೀಟರ್ ಆಗಬೇಕು.

ಅವರು ಆಗಲೇ ಒಮ್ಮೆ ಅರ್ಜಿ ಹಾಕಿ ವಾಪಸು ಪಡೆದಿದ್ದರು. ಕಾಗದ ನೋಡಿದೆ. ಮೂರು ಕಡೆ ತೊಡಕಿತ್ತು: ಹೆಸರು, ಲೋಡು, ಮತ್ತು ಅವರಿಗೆ ಗೊತ್ತೇ ಇಲ್ಲದ ಒಂದು ಹಳೆಯ ಬಾಕಿ.

ಮೊದಲು ಹೆಸರು. ಸೇಲ್ ಡೀಡ್ ಇದ್ದದ್ದು ಹೆಂಡತಿಯ ಹೆಸರಿನಲ್ಲಿ, ಅರ್ಜಿ ಹಾಕಿದ್ದು ಗಂಡ. ಅದು ಸಾಲದೆಂಬಂತೆ ಡೀಡಿನಲ್ಲಿ ಅವರ ಹೆಸರು ನಮ್ಮ ಕಡೆಯ ರೂಢಿಯಂತೆ ಒಂದು ಇನಿಷಿಯಲ್ಲಿನೊಂದಿಗೆ ಇತ್ತು. ಆಧಾರ್‌ನಲ್ಲಿ ಆ ಇನಿಷಿಯಲ್ ಅಪ್ಪನ ಪೂರ್ತಿ ಹೆಸರಾಗಿ ಕೊನೆಗೆ ಹೋಗಿ ಕೂತಿತ್ತು. ಉತ್ತರದ ಗುಮಾಸ್ತರ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಹೆಂಗಸರು. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿ, ಅರ್ಜಿಯನ್ನು ಹೆಂಡತಿಯ ಹೆಸರಿನಲ್ಲೇ ಹೊಸದಾಗಿ ಹಾಕಿದೆವು. ಡೀಡಿನಲ್ಲಿರುವ ಮಹಡಿಯ ಹೆಸರನ್ನೂ ಹಾಗೆಯೇ ಅಕ್ಷರಕ್ಕೆ ಅಕ್ಷರ ಬರೆಯಬೇಕು. ಕೆಳಗೆ ಪಾರ್ಕಿಂಗ್ ಇರುವ ಕಟ್ಟಡದಲ್ಲಿ ಒಬ್ಬರು ಎರಡನೆಯದೆನ್ನುವ ಮಹಡಿಯನ್ನು ಇನ್ನೊಬ್ಬರು ಮೂರನೆಯದು ಎನ್ನುತ್ತಾರೆ. ಪರಿಶೀಲನೆಗೆ ಬಂದವರು ಕಣ್ಣಾರೆ ಎಣಿಸಿ ಬೇರೆ ಬರೆದರೆ ಕಡತ ಮತ್ತೆ ಹಿಂದಕ್ಕೆ.

ಕಾಗದದ ವಿಷಯದಲ್ಲಿ ಬಹಳ ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ, ಮಾಲೀಕರಿಗೆ ಮಾತ್ರ ಸಂಪರ್ಕ ಸಿಗುತ್ತದೆ ಎಂದು. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಹೇಳುವುದು ಮಾಲೀಕ ಅಥವಾ ವಾಸಿ ಎಂದು. ಅಂದರೆ ಆ ಜಾಗದಲ್ಲಿ ನ್ಯಾಯವಾಗಿ ವಾಸವಿರುವವರು ಕೇಳಿದರೂ ಕೊಡಬೇಕು. ದೆಹಲಿಯ ನಿಯಮಗಳು ನೋಂದಾಯಿತ ಕ್ರಯಪತ್ರ, ಹಂಚಿಕೆ ಅಥವಾ ಸ್ವಾಧೀನ ಪತ್ರ, ಮ್ಯುಟೇಶನ್ ಪತ್ರ, ಜಿಪಿಎ, ಬಾಡಿಗೆ ಕರಾರು ಇವುಗಳಲ್ಲಿ ಯಾವುದಾದರೂ ಒಂದನ್ನು ಒಪ್ಪುತ್ತವೆ. ಬಾಡಿಗೆ ಕರಾರಾದರೆ ಅದಕ್ಕೆ ಸಹಿ ಹಾಕಿದವರು ಮಾಲೀಕರೇ ಎಂಬ ಮುಚ್ಚಳಿಕೆ ಜೊತೆಗಿರಬೇಕು. ಮನೆಯ ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ದಿಲೀಪ್ ಮತ್ತು ಸತೀಶ್ ಪ್ರಕರಣದಲ್ಲಿ ಹೇಳಿದೆ. ಆದರೆ ಇದರ ಇನ್ನೊಂದು ಮಗ್ಗುಲೂ ನೆನಪಿರಲಿ. ಜಿಪಿಎ ಮೇಲೆ ಮೀಟರ್ ಬಂದೀತು, ಕರೆಂಟಿನ ಬಿಲ್ಲು ನಿಮ್ಮ ಹೆಸರಿನಲ್ಲೇ ಇದ್ದೀತು. ಅಷ್ಟರಿಂದ ಮನೆ ನಿಮ್ಮದಾಗುವುದಿಲ್ಲ.

ಎರಡನೆಯದು ಲೋಡು. ಮೊದಲ ಅರ್ಜಿಯಲ್ಲಿ ಎಲೆಕ್ಟ್ರಿಷಿಯನ್ ಮಾತು ಕೇಳಿ 10 ಕಿಲೋವ್ಯಾಟ್ ಬರೆದಿದ್ದರು. ಅವನು ಮನೆಯಲ್ಲಿರುವ ಸಾಮಾನನ್ನೆಲ್ಲ ಕೂಡಿಸಿದ್ದ: ಎರಡು ಎ.ಸಿ. ಸೇರಿ 3.2, ಗೀಸರ್ 2, ಇಂಡಕ್ಷನ್ ಒಲೆ 2, ಮೈಕ್ರೋವೇವ್ 1.2, ಇಸ್ತ್ರಿ 1, ವಾಷಿಂಗ್ ಮಷೀನ್ ಅರ್ಧ, ದೀಪ ಫ್ಯಾನು ಅರ್ಧ, ಫ್ರಿಜ್ಜು 0.2. ಒಟ್ಟು 10.6. ಲೆಕ್ಕ ಸರಿ, ಆದರೆ ಮನೆ ಹಾಗೆ ನಡೆಯುವುದಿಲ್ಲ. ದೆಹಲಿಯಲ್ಲಿ ಎ.ಸಿ. ಓಡುವ ಜೂನ್‌ನಲ್ಲಿ ಗೀಸರಿನ ಹೆಸರು ಯಾರೂ ಎತ್ತುವುದಿಲ್ಲ. ಗೀಸರ್ ಬೇಕಾಗುವ ಜನವರಿಯಲ್ಲಿ ಎ.ಸಿ.ಗೆ ಹೊದಿಕೆ ಬಿದ್ದಿರುತ್ತದೆ.

ಹಾಗಾಗಿ ಎರಡು ಹೊತ್ತನ್ನು ಮಾತ್ರ ಲೆಕ್ಕ ಹಾಕಿದೆವು. ಜೂನ್ ರಾತ್ರಿ ಎರಡೂ ಎ.ಸಿ., ಫ್ರಿಜ್ಜು, ದೀಪ ಫ್ಯಾನು ಸೇರಿ 3.9. ಅದೇ ಹೊತ್ತಿಗೆ ಯಾರೋ ಮೈಕ್ರೋವೇವ್ ಹಚ್ಚಿದರೆ 5.1. ಜನವರಿ ಬೆಳಗ್ಗೆ ಗೀಸರ್, ಇಂಡಕ್ಷನ್, ಫ್ರಿಜ್ಜು, ದೀಪ ಸೇರಿ 4.7ರೊಳಗೆ. ಮೀಟರು ಗರಿಷ್ಠ ಬೇಡಿಕೆಯನ್ನು ಬರೆದುಕೊಳ್ಳುವುದು ಕ್ಷಣದ ಲೆಕ್ಕದಲ್ಲಲ್ಲ, ಅರ್ಧ ಗಂಟೆಯ ಸರಾಸರಿಯಲ್ಲಿ. ಐದು ನಿಮಿಷದ ಮೈಕ್ರೋವೇವ್ ಅದರಲ್ಲಿ ಕರಗಿಹೋಗುತ್ತದೆ. 5 ಕಿಲೋವ್ಯಾಟ್ ಸಾಕು ಎಂದು ತೀರ್ಮಾನವಾಯಿತು.

ಇದರಿಂದ ಉಳಿಯುವುದೆಷ್ಟು? ದೆಹಲಿಯಲ್ಲಿ ಸ್ಥಿರ ಶುಲ್ಕ ಲೋಡಿನ ಮೇಲೆ ನಿಂತಿದೆ. 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 20 ರೂಪಾಯಿ, ಅದರ ಮೇಲೆ 5ರವರೆಗೆ 50, ಅದರ ಮೇಲೆ 15ರವರೆಗೆ 100. ಮೆಟ್ಟಿಲು ದಾಟಿದರೆ ಇಡೀ ಲೋಡಿಗೇ ಮೇಲಿನ ದರ. 5 ಕಿಲೋವ್ಯಾಟ್‌ಗೆ 250 ರೂಪಾಯಿ, 6ಕ್ಕೆ 600, 10ಕ್ಕೆ 1,000. ಎಲೆಕ್ಟ್ರಿಷಿಯನ್ ಮಾತಿಗೂ ನಮ್ಮ ಲೆಕ್ಕಕ್ಕೂ ತಿಂಗಳಿಗೆ 750, ವರ್ಷಕ್ಕೆ 9,000 ರೂಪಾಯಿ ವ್ಯತ್ಯಾಸ. ಮನೆಗೆ ಬೀಗ ಹಾಕಿ ಊರಿಗೆ ಹೋದ ತಿಂಗಳೂ ಇದನ್ನು ಕಟ್ಟಬೇಕು.

ಹಾಗೆಂದು 2 ಕಿಲೋವ್ಯಾಟ್ ಬರೆದು ಜಾಣರಾಗಲು ಹೋಗಬೇಡಿ. ಇಲ್ಲಿ ವರ್ಷಕ್ಕೊಮ್ಮೆ, ಹಿಂದಿನ ಹಣಕಾಸು ವರ್ಷದ ಸತತ ನಾಲ್ಕು ತಿಂಗಳ ಗರಿಷ್ಠ ಬೇಡಿಕೆಯ ಸರಾಸರಿ ತೆಗೆದು ಲೋಡನ್ನು ಪರಿಷ್ಕರಿಸುತ್ತಾರೆ. ಕಡಿಮೆ ಬರೆದವರ ಲೋಡು ತಾನೇ ಏರುತ್ತದೆ, ಹೆಚ್ಚುವರಿ ಠೇವಣಿಯೂ ಬೀಳುತ್ತದೆ. ಸರಾಸರಿಯ ಪೈಸೆ ಭಾಗವನ್ನು ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆ ಹಿಡಿಯುವುದು ರೂಢಿ. ನಾಲ್ಕು ತಿಂಗಳು 5.4, 5.9, 5.6, 5.3 ಬಂದರೆ ಸರಾಸರಿ 5.55, ಹಿಡಿಯುವುದು 5. ಅಷ್ಟು ಸಡಿಲ ಇದೆ.

ನಾನು ಅವರಿಗೆ ಹೇಳಿದ್ದು ಒಂದೇ: ಲೋಡು ಕಡಿಮೆ ಬರೆಸಿರಿ, ತಂತಿ ದಪ್ಪ ಹಾಕಿಸಿರಿ. 5 ಕಿಲೋವ್ಯಾಟ್ ಅಂದರೆ ಸುಮಾರು 22 ಆಂಪಿಯರ್. ಅದಕ್ಕೆ 6 ಚದರ ಮಿಲಿಮೀಟರಿನ ತಾಮ್ರದ ತಂತಿ ನಡೆಯುತ್ತದೆ. ಆದರೆ ಮೀಟರು ಕೆಳಗೆ, ಮನೆ ಮೂರನೇ ಮಹಡಿಯಲ್ಲಿ. ಅಷ್ಟುದ್ದಕ್ಕೆ 10ರ ತಂತಿಯನ್ನೇ ಎಳೆಸಿದರು. ಲೋಡನ್ನು ನಾಳೆ ಒಂದು ಅರ್ಜಿಯಲ್ಲಿ ಏರಿಸಬಹುದು, ಗೋಡೆಯೊಳಗಿನ ತಂತಿಯನ್ನು ಬದಲಿಸಲು ಗೋಡೆ ಒಡೆಯಬೇಕು.

ಬೇರೆ ಊರಿನವರು ಈ ದರಗಳನ್ನು ತಮ್ಮಲ್ಲಿಗೆ ಹಾಗೇ ಹೊತ್ತೊಯ್ಯಬೇಡಿ. ಮಹಾರಾಷ್ಟ್ರದಲ್ಲಿ ಸಿಂಗಲ್ ಫೇಸ್ ಮನೆಗೆ ಸ್ಥಿರ ಶುಲ್ಕ ತಿಂಗಳಿಗೆ ಇಷ್ಟು ಎಂದು ಒಂದೇ ಇರುತ್ತದೆ. ಅಲ್ಲಿ ಹಣ ಹೋಗುವುದು ಅಗತ್ಯವಿಲ್ಲದೆ ತ್ರೀ ಫೇಸ್ ತೆಗೆದುಕೊಂಡಾಗ. ಕರ್ನಾಟಕದಲ್ಲಿ ದೆಹಲಿಯಂತೆ ಕಿಲೋವ್ಯಾಟ್ ಲೆಕ್ಕ. ಊರಿನಲ್ಲಿ ಮನೆ ಕಟ್ಟಿಸುತ್ತಿರುವವರು ಅದನ್ನು ಗಮನಿಸಬೇಕು.

ಮೂರನೆಯದು ಪರಿಶೀಲನೆ. ಬರುವವರು ವೈರಿಂಗ್ ನೋಡಲು ಬರುತ್ತಾರೆ ಎಂದು ನಾವು ತಿಳಿಯುತ್ತೇವೆ. ಅದು ಸಣ್ಣ ಭಾಗ. ಪರವಾನಗಿ ಇರುವ ಗುತ್ತಿಗೆದಾರರ ವೈರಿಂಗ್ ವರದಿ, ಭೂಸಂಪರ್ಕ, ಇಎಲ್‌ಸಿಬಿ ಇದ್ದರೆ ಅದು ಮುಗಿಯಿತು. ಅವರು ಹೆಚ್ಚಾಗಿ ನೋಡುವುದು ಕಟ್ಟಡವನ್ನು. ಈ ಮಹಡಿಗೆ ಬೇರೆ ಬಾಗಿಲು, ಬೇರೆ ಅಡುಗೆಮನೆ ಇದೆಯೇ, ಅಥವಾ ಒಂದೇ ಮನೆಗೆ ಎರಡನೇ ಮೀಟರ್ ಕೇಳುತ್ತಿದ್ದಾರೆಯೇ? ಕಟ್ಟಡದ ಎತ್ತರ ಎಷ್ಟು? ಕೆಳಗೆ ಪಾರ್ಕಿಂಗ್ ಇಲ್ಲದಿದ್ದರೆ 15 ಮೀಟರ್, ಇದ್ದರೆ 17.5 ಮೀಟರ್ ದಾಟಿದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರ ಕೇಳುತ್ತಾರೆ. ಬಿಲ್ಡರ್ ಆಸೆಗೆ ಬಿದ್ದು ಒಂದಡಿ ಎತ್ತರಿಸಿದ್ದರೂ ಕಷ್ಟ ಕೊಂಡವರಿಗೆ. ಇವರ ಕಟ್ಟಡ ಮಿತಿಯೊಳಗಿತ್ತು.

ಸಿಕ್ಕಿಬಿದ್ದದ್ದು ಬಾಕಿಯಲ್ಲಿ. ಕೆಡವಿದ ಹಳೆಯ ಮನೆಯ ಮೀಟರಿನ ಮೇಲೆ 38,400 ರೂಪಾಯಿ ಉಳಿದಿತ್ತು. "ನಾವು ಆ ಮನಿ ನೋಡೇ ಇಲ್ಲ, ನಾವ್ಯಾಕ ಕಟ್ಟಬೇಕ್ರಿ?" ಎಂದರು ಆಕೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಿಯಮಾವಳಿಯಲ್ಲಿ ಅವಕಾಶವಿದ್ದರೆ ಹಿಂದಿನವರ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿಬಿಟ್ಟಿದೆ. ಅದೇ ನಿಯಮ ನಮ್ಮ ಪರವಾಗಿಯೂ ಒಂದು ಮಾತು ಹೇಳುತ್ತದೆ. ಆಸ್ತಿ ಕಾನೂನುಬದ್ಧವಾಗಿ ಹಂಚಿಹೋಗಿದ್ದರೆ ಬಾಕಿಯನ್ನೂ ವಿಸ್ತೀರ್ಣದಂತೆ ಹಂಚಬೇಕು. ತಮ್ಮ ಪಾಲು ಕಟ್ಟಿದವರಿಗೆ, ಪಕ್ಕದವರು ಕಟ್ಟಿಲ್ಲವೆಂಬ ಕಾರಣಕ್ಕೆ ಸಂಪರ್ಕ ತಡೆಯುವಂತಿಲ್ಲ. ನಾಲ್ಕು ಸಮಾನ ಮಹಡಿ, ಇವರ ಪಾಲು 9,600. ಕೌಂಟರಿನಲ್ಲಿ ಮೊದಲು ಪೂರ್ತಿ ಮೊತ್ತವನ್ನೇ ಕೇಳಿದರು. ಲಿಖಿತವಾಗಿ ಪಾಲಿನ ಲೆಕ್ಕ ಕೊಡಿ ಎಂದು ಅರ್ಜಿ ಕೊಟ್ಟ ಮೇಲೆ 9,600ಕ್ಕೆ ಇಳಿಯಿತು.

ಆ ಹಣ ಆಮೇಲೆ ಬಿಲ್ಡರ್‌ನಿಂದ ವಾಪಸು ಬಂತು. ಮಾರಾಟದ ದಿನದವರೆಗಿನ ಎಲ್ಲ ಬಾಕಿಯೂ ಮಾರುವವನದು ಎಂಬ ಸಾಲು ಡೀಡಿನಲ್ಲಿತ್ತು. ವಕೀಲರ ಒಂದು ನೋಟಿಸು ಸಾಕಾಯಿತು. ರಿಜಿಸ್ಟ್ರಿಗೆ ಮೊದಲೇ ಹಳೆಯ ಮೀಟರಿನ ಗ್ರಾಹಕ ಸಂಖ್ಯೆ ಕೇಳಿ ಪಡೆದು, ಕೊನೆಯ ಬಿಲ್ಲು ಕಟ್ಟಿದ ರಸೀದಿ ನೋಡಿದ್ದರೆ ಇಷ್ಟೂ ಓಡಾಟ ಉಳಿಯುತ್ತಿತ್ತು.

ಪರಿಶೀಲನೆ ದಾಟಿದ ಮೇಲೆ ಡಿಮಾಂಡ್ ನೋಟು ಬಂತು. ಅದರಲ್ಲಿರುವ ಭದ್ರತಾ ಠೇವಣಿ ವಾಪಸು ಬರುವ ಹಣ, ಸರ್ವಿಸ್ ಲೈನಿನದು ಬಾರದ ಹಣ. ಎರಡರ ರಸೀದಿಯನ್ನೂ ಡೀಡಿನ ಜೊತೆಗೇ ಇಡಿ. 2024ರ ತಿದ್ದುಪಡಿಯಂತೆ ಮಹಾನಗರಗಳಲ್ಲಿ ಮೂರು ದಿನದೊಳಗೆ ಸಂಪರ್ಕ ಕೊಡಬೇಕು. ಆದರೆ ದಿನ ಎಣಿಸುವುದು ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾದ ಮೇಲೆ. ಇವರ ಮೊದಲ ಅರ್ಜಿಯ ತಿಂಗಳುಗಟ್ಟಲೆ ಕಾಯುವಿಕೆ ಯಾವ ಲೆಕ್ಕಕ್ಕೂ ಬರಲಿಲ್ಲ. ಎರಡನೆಯದು ಪೂರ್ಣವಾದ ಮೂರನೆಯ ದಿನ ಮೀಟರ್ ಕೂತಿತು.

ಸಂಜೆ ಮತ್ತೆ ಫೋನು. "ಅಣ್ಣಾ, ಬಿಲ್ಡರ್‌ದು ಸಬ್‌ಮೀಟರ್ ಕಿತ್ತು ಅವನ ಕೈಯಾಗ ಕೊಟ್ಟೀವ್ರಿ." ಗೀಸರ್ ಹಚ್ಚಿದ್ದಾರಂತೆ. ಇಂಡಕ್ಷನ್ನೂ ಹಚ್ಚಿದ್ದಾರಂತೆ. ಏನೂ ಟ್ರಿಪ್ ಆಗಿಲ್ಲವಂತೆ.