ಪಟ್ಟಿ ಒಪ್ಪ ಮಾಡುವುದು ಟೈಪಿಸ್ಟರ ಕೆಲಸವಲ್ಲ

ಆಲೂರು, ಆದೋನಿ ಭಾಗದ ಕನ್ನಡ ಶಾಸನಗಳ ಮೇಲೆ ಬರೆಯುವವರು ತಮ್ಮ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು ಎಪಿಎ ಶೈಲಿಗೆ ತರಬೇಕು, ಮೊದಲ ನಮೂದಿನಿಂದ ಕೊನೆಯದರವರೆಗೆ ಒಂದೇ ಕ್ರಮ ಇರಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದ ಗೆಳೆಯರು ಹಲವು ಆಕ್ಷೇಪಗಳನ್ನು ಎತ್ತಿದ್ದಾರೆ. ಒಂದೊಂದನ್ನೇ ತೆಗೆದುಕೊಳ್ಳುತ್ತೇನೆ.

ಮೊದಲನೆಯದು, ಇದು ಬರೀ ಅಲಂಕಾರ, ಡಿಟಿಪಿ ಮಾಡುವವರಿಗೆ ಬಿಟ್ಟರೆ ಸಾಕು ಎಂಬ ಮಾತು. ನಮ್ಮ ಭಾಗದ ಪಟ್ಟಿಗಳಲ್ಲಿ ಎದುರಾಗುವಂಥ ಮೂರು ನಮೂದುಗಳನ್ನು ನೋಡಿ. “ಎಸ್.ಐ.ಐ. ಸಂ. 9, ಶಾಮಶಾಸ್ತ್ರಿ, ಮದ್ರಾಸ್” ಎಂದು ಒಂದು ಕಡೆ. “ರಾವ್ ಎನ್.ಎಲ್. (ಸಂ.), ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು, 1939” ಎಂದು ಇನ್ನೊಂದು ಕಡೆ. “ದಕ್ಷಿಣ ಭಾರತದ ಶಾಸನಗಳು, ಬಳ್ಳಾರಿ ಜಿಲ್ಲೆ, 1915” ಎಂದು ಮತ್ತೊಂದು ಕಡೆ. ಅಕಾರಾದಿಯಲ್ಲಿ ಮೂರೂ ಬೇರೆ ಬೇರೆ ಜಾಗದಲ್ಲಿ ಕೂತಿರುತ್ತವೆ. ಓದುಗ ಮೂರು ಪುಸ್ತಕ ಎಂದುಕೊಳ್ಳುತ್ತಾನೆ, ಆದರೆ ಇರುವುದು ಒಂದೇ. ಡಿಟಿಪಿಯವರು ಅಲ್ಪವಿರಾಮ ಸರಿಮಾಡಿ, ಹೆಸರುಗಳನ್ನು ಓರೆ ಅಕ್ಷರಕ್ಕೆ ತಂದು, ಆ ಮೂರನ್ನೂ ಮೂರಾಗಿಯೇ ಅಂದಗೊಳಿಸಿ ಕೊಡುತ್ತಾರೆ. ಅವರದು ತಪ್ಪಲ್ಲ, ಅವರ ಮುಂದೆ ಪುಸ್ತಕವಿಲ್ಲ.

ಎಪಿಎ ಪ್ರತಿ ನಮೂದಿಗೂ ನಾಲ್ಕು ಪ್ರಶ್ನೆ ಕೇಳುತ್ತದೆ: ಯಾರು, ಯಾವಾಗ, ಏನು, ಎಲ್ಲಿ ಸಿಗುತ್ತದೆ. ಮೇಲಿನ ಮೂರಕ್ಕೂ ಈ ಪ್ರಶ್ನೆ ಹಾಕಿದರೆ ಸಂಪುಟದ ಶೀರ್ಷಿಕೆ ಪುಟ ತೆರೆಯದೆ ಬೇರೆ ದಾರಿಯಿಲ್ಲ. ತೆರೆದರೆ ಸಿಗುವುದು ಇದು:

ಶಾಮಶಾಸ್ತ್ರಿ, ಆರ್., ಮತ್ತು ಲಕ್ಷ್ಮೀನಾರಾಯಣ ರಾವ್, ಎನ್. (ಸಂಪಾದಕರು). (1939). ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್: ಸಂಪುಟ 9, ಭಾಗ 1. ಕನ್ನಡ ಇನ್ಸ್‌ಕ್ರಿಪ್ಷನ್ಸ್ ಫ್ರಮ್ ದ ಮದ್ರಾಸ್ ಪ್ರೆಸಿಡೆನ್ಸಿ. ಗವರ್ನಮೆಂಟ್ ಪ್ರೆಸ್.

ಹಾಗಾದರೆ ಮೂರನೆಯ ನಮೂದಿನ 1915 ಎಲ್ಲಿಂದ ಬಂತು? ಈ ಸಂಪುಟದಲ್ಲಿ ಪ್ರತಿ ಶಾಸನದ ನೆತ್ತಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು, ಸಂಪುಟದೊಳಗಿನ ಕ್ರಮಸಂಖ್ಯೆ. ಇನ್ನೊಂದು, ಆ ಶಾಸನವನ್ನು ಪ್ರತಿ ತೆಗೆದ ಕಾಲದ ಶಾಸನ ಇಲಾಖೆಯ ವಾರ್ಷಿಕ ವರದಿಯ ಸಂಖ್ಯೆ, ಇಂಥ ವರ್ಷದ ಇಷ್ಟನೆಯದು ಎಂದು. ಅವಸರದಲ್ಲಿ ಟಿಪ್ಪಣಿ ಮಾಡಿಕೊಂಡವರು ವರದಿಯ ವರ್ಷವನ್ನೇ ಪ್ರಕಟಣೆಯ ವರ್ಷ ಎಂದು ಬರೆದುಬಿಡುತ್ತಾರೆ. ಇದನ್ನು ಗುರುತಿಸುವುದು ಸುಲಭ: ಒಂಬತ್ತನೆಯ ಸಂಪುಟದ ಮೊದಲ ಭಾಗಕ್ಕೆ 1939 ಬಿಟ್ಟು ಬೇರೆ ವರ್ಷ ಕಂಡರೆ ಅದು ವರದಿಯ ವರ್ಷವೇ ಎಂದು ಮೊದಲು ಅನುಮಾನಿಸಿ. ಶಾಸನದ ಕ್ರಮಸಂಖ್ಯೆಗೆ ಪಟ್ಟಿಯಲ್ಲಿ ಜಾಗವಿಲ್ಲ. ಅದು ಬರಹದೊಳಗಿನ ಉಲ್ಲೇಖದಲ್ಲಿ, ಸಂಪಾದಕರ ಹೆಸರು ಮತ್ತು ವರ್ಷದ ಪಕ್ಕದಲ್ಲಿ ಬರಬೇಕು. ಸಂಪಾದಕ, ಸಂಪುಟ, ಸಂಖ್ಯೆ ಮೂರಕ್ಕೂ “ಸಂ.” ಎಂದೇ ಬರೆಯುವ ರೂಢಿಯನ್ನೂ ಕೈಬಿಡಬೇಕು. ಮೇಲಿನ ಮೊದಲ ಎರಡು ನಮೂದುಗಳಲ್ಲೇ ಅದು ಎರಡು ಅರ್ಥದಲ್ಲಿ ಬಂದಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಎಪಿಎ ಮನೆತನದ ಹೆಸರನ್ನು ಮೊದಲು ಕೇಳುತ್ತದೆ, ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಹಾಗಾಗಿ ಈ ಶೈಲಿ ಕನ್ನಡದ ಹೆಸರುಗಳನ್ನು ಕೆಡಿಸುತ್ತದೆ ಎಂಬುದು. ಹೆಸರು ಕೆಡುತ್ತಿರುವುದು ನಿಜ. “ರಾವ್, ಎನ್.ಎಲ್.” ಎಂಬ ಮನುಷ್ಯ ಇರಲೇ ಇಲ್ಲ. ಇದ್ದವರು ಎನ್. ಲಕ್ಷ್ಮೀನಾರಾಯಣ ರಾವ್. ಎಂ. ಚಿದಾನಂದಮೂರ್ತಿಯವರೂ ಇಂಗ್ಲಿಷ್ ಪಟ್ಟಿಗೆ ಹೋದಾಗ “ಮೂರ್ತಿ, ಎಂ.ಸಿ.” ಆಗಿಬಿಡುವ ಅಪಾಯ ಇದೆ. ಆದರೆ ಇದನ್ನು ಮಾಡುತ್ತಿರುವುದು ಎಪಿಎ ನಿಯಮವಲ್ಲ. ಹೆಸರಿನ ಕೊನೆಯ ಪದವನ್ನೇ ಮನೆತನ ಎಂದು ತಿಳಿಯುವ ತಂತ್ರಾಂಶ, ಮತ್ತು ಅದು ಕೊಟ್ಟದ್ದನ್ನು ತಿದ್ದದೆ ಬಿಡುವ ನಾವು.

ಆರ್. ಶಾಮಶಾಸ್ತ್ರಿಗಳ “ಆರ್.” ಎಂದರೆ ರುದ್ರಪಟ್ಟಣ, ಊರಿನ ಹೆಸರು. ಜನ ಅವರನ್ನು ಗುರುತಿಸುವುದು ಶಾಮಶಾಸ್ತ್ರಿ ಎಂದೇ. ಆದ್ದರಿಂದ ಯಾವ ಹೆಸರಿನಿಂದ ಲೇಖಕರನ್ನು ಕರೆಯುತ್ತಾರೋ ಅದನ್ನು ಇಡಿಯಾಗಿ ಮುಂದಿಟ್ಟು, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಿಂದೆ ಹಾಕಿದರೆ ಎಪಿಎ ಕೇಳುವ ರೂಪವೂ ಸಿಗುತ್ತದೆ, ಕನ್ನಡದ ಹೆಸರೂ ಉಳಿಯುತ್ತದೆ. ಬಿಬ್‌ಟೆಕ್ಸ್ ಬಳಸುವವರು ಅಲ್ಪವಿರಾಮವನ್ನು ತಾವೇ ಹಾಕಿಕೊಡಬೇಕು. ಅಲ್ಪವಿರಾಮದ ಮುಂಚಿನದೆಲ್ಲವನ್ನೂ ಅದು ಒಂದೇ ಹೆಸರಾಗಿ ಉಳಿಸಿಕೊಳ್ಳುತ್ತದೆ:

```
editor = {Shamasastry, R. and Lakshminarayan Rao, N.}
```

ಜೊಟೆರೊದಲ್ಲಾದರೆ ಹೆಸರಿನ ಎರಡು ಕೋಷ್ಠಗಳಲ್ಲಿ ಮೊದಲನೆಯದಕ್ಕೆ “ಲಕ್ಷ್ಮೀನಾರಾಯಣ ರಾವ್” ಪೂರ್ತಿ ಹೋಗಬೇಕು. ಕುವೆಂಪು ಅವರಂತೆ ಕಾವ್ಯನಾಮದಲ್ಲೇ ಪ್ರಕಟಿಸಿದವರಿಗೆ ಕೋಷ್ಠ ಒಂದೇ ಸಾಕು. ಪುಸ್ತಕದ ಮೇಲೆ ಯಾವ ಹೆಸರಿದೆಯೋ ಅದೇ ಪಟ್ಟಿಗೂ ಬರುತ್ತದೆ.

ಹಿರಿಯರ ಹೆಸರಿನ ಮುಂದಿನ “ಡಾ.”, “ಪ್ರೊ.”, “ಶ್ರೀ” ತೆಗೆಯುವುದು ಅಗೌರವ ಎಂದು ಕೆಲವರಿಗೆ ನಿಜವಾಗಿ ನೋವಾಗಿದೆ. ಆ ಗೌರವ ಬರಹದೊಳಗೆ ಇರಲಿ, ಮುನ್ನುಡಿಯಲ್ಲಿ ಇರಲಿ. ಪಟ್ಟಿಯಲ್ಲಿ “ಡಾ.” ಉಳಿಸಿದರೆ ಕಂಪ್ಯೂಟರ್ ಅವರನ್ನೆಲ್ಲ ಡಕಾರದಲ್ಲಿ ಗುಂಪು ಹಾಕುತ್ತದೆ, ಚಕಾರದಲ್ಲಿ ಹುಡುಕಿದ ವಿದ್ಯಾರ್ಥಿಗೆ ಚಿದಾನಂದಮೂರ್ತಿ ಸಿಗುವುದಿಲ್ಲ. ಹಿರಿಯರ ಪುಸ್ತಕ ಕಿರಿಯರ ಕಣ್ಣಿಗೆ ಬೀಳದಂತೆ ಮಾಡುವುದು ಯಾವ ಗೌರವ?

ಮುಂದಿನದು ಊರಿನ ವಿಚಾರ. 2019ರಲ್ಲಿ ಬಂದ ಎಪಿಎ ಏಳನೆಯ ಆವೃತ್ತಿ ಪ್ರಕಾಶನದ ಊರನ್ನು ಬಿಟ್ಟುಬಿಟ್ಟಿತು. ಗಡಿಯ ಜನರಾದ ನಮಗೆ ಊರೇ ಮುಖ್ಯ, ಆದ್ದರಿಂದ ಈ ಶೈಲಿ ನಮಗಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಒಂದೇ ಹೆಸರಿನ ಸಣ್ಣ ಪ್ರಕಾಶನಗಳು ಎರಡು ಊರಲ್ಲಿದ್ದರೆ ಊರಿಲ್ಲದ ನಮೂದು ನಿಜಕ್ಕೂ ತೊಂದರೆ ಕೊಡುತ್ತದೆ. ಆದರೆ ನಮ್ಮ ಗೆಳೆಯರು ಹೇಳುತ್ತಿರುವ ಊರು ಅದಲ್ಲ, ಶಾಸನ ಇರುವ ಊರು. ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನ ಧರ್ಮದ ಬಗ್ಗೆ ಬರೆದ 1957ರ ಪುಸ್ತಕ ಶೋಲಾಪುರದಲ್ಲಿ ಪ್ರಕಟವಾಯಿತು. ಶೋಲಾಪುರ ಎಂದು ಬರೆದರೆ ನಮ್ಮ ಭಾಗದ ಯಾವ ಬಸದಿಯ ಗುರುತೂ ಸಿಗುವುದಿಲ್ಲ.

ನಿಜವಾದ ತೊಡಕು ಇರುವುದು ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾದವು. ಮೊದಲಿನ ಎರಡು ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಹಾಗಾಗಿ 1939ರ ಸಂಪುಟಕ್ಕೆ ಆಲೂರು ಬಳ್ಳಾರಿ ಜಿಲ್ಲೆಯದು, ಇಂದಿನ ಪುಸ್ತಕಕ್ಕೆ ಕರ್ನೂಲಿನದು. ಒಂದೇ ಕಲ್ಲನ್ನು “ಬಳ್ಳಾರಿ ಜಿಲ್ಲೆಯ ಶಾಸನ” ಎಂದು ಒಮ್ಮೆ, “ಕರ್ನೂಲು ಜಿಲ್ಲೆಯ ಶಾಸನ” ಎಂದು ಇನ್ನೊಮ್ಮೆ ಎಣಿಸುವ ದಾರಿ ಇಲ್ಲೇ ತೆರೆದುಕೊಳ್ಳುತ್ತದೆ. ಇದಕ್ಕೆ ಮದ್ದು ಪಟ್ಟಿಯಲ್ಲಿ ಮದ್ರಾಸ್ ಎಂದು ಬರೆಯುವುದಲ್ಲ. ಬರಹದಲ್ಲಿ ಶಾಸನವನ್ನು ಹೆಸರಿಸುವಾಗ ಊರು, ಸಂಪುಟ ಹೇಳುವ ಜಿಲ್ಲೆ, ಇಂದಿನ ಜಿಲ್ಲೆ ಮೂರನ್ನೂ ಕೊಡುವುದು. ಅಷ್ಟಾದ ಮೇಲೂ ಪ್ರಕಾಶನದ ಊರು ಬೇಕೇಬೇಕೆಂದರೆ ಊರು ಹಾಕುವ ಬೇರೆ ಶೈಲಿಯನ್ನು ಇಡೀ ಪಟ್ಟಿಗೆ ಆರಿಸಿಕೊಳ್ಳಿ. ಹತ್ತಕ್ಕೆ ಹಾಕಿ ಹದಿನೈದಕ್ಕೆ ಬಿಡುವುದನ್ನು ನಾನು ಒಪ್ಪಲಾರೆ.

ಇದು ಇಂಗ್ಲಿಷಿನ ಶೈಲಿ, ಕನ್ನಡಕ್ಕೇಕೆ ಎಂಬ ಕೊನೆಯ ಮಾತಿಗೆ ಉತ್ತರ ಚಿಕ್ಕದು. ಇಂಗ್ಲಿಷ್ ಪ್ರಬಂಧದಲ್ಲಿ ಎಪಿಎ ಕನ್ನಡ ಪುಸ್ತಕದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು, ಚೌಕ ಕಂಸದಲ್ಲಿ ಅನುವಾದ ಕೊಡಲು ಹೇಳುತ್ತದೆ, ಅಲ್ಲಿ ಹಾಗೆಯೇ ಮಾಡಬೇಕು. ಕನ್ನಡ ಪ್ರಬಂಧದಲ್ಲಿ ಕನ್ನಡ ಪುಸ್ತಕಗಳು ಕನ್ನಡ ಲಿಪಿಯಲ್ಲೇ ಅಕಾರಾದಿಯಾಗಿ ಮೊದಲು ಬರಲಿ, ಇಂಗ್ಲಿಷಿನವು ಅವುಗಳ ನಂತರ ಬರಲಿ. ಎರಡು ಭಾಗ ಮಾಡುವುದು ನಾವು ಮಾಡಿಕೊಳ್ಳುವ ಹೊಂದಾಣಿಕೆ, ಎಪಿಎ ಹೇಳಿದ್ದಲ್ಲ. ಲೇಖಕ, ವರ್ಷ, ಹೆಸರು, ಪ್ರಕಾಶಕ ಎಂಬ ಸರಣಿ ಮಾತ್ರ ಎರಡರಲ್ಲೂ ಒಂದೇ ಆಗಿರಬೇಕು.

ಆಲೂರು ಸೀಮೆಯ ಶಾಸನಗಳ ಬಗ್ಗೆ ಬರೆಯುತ್ತಿರುವವರು ಪಟ್ಟಿಯನ್ನು ಅಚ್ಚಿಗೆ ಕೊಡುವ ಮೊದಲು ಪ್ರತಿ ನಮೂದಿನ ಪುಸ್ತಕವನ್ನು ಕೈಗೆತ್ತಿಕೊಂಡು ಶೀರ್ಷಿಕೆ ಪುಟದೊಡನೆ ಹೋಲಿಸಿ ನೋಡಿ. ಒಂಬತ್ತನೆಯ ಸಂಪುಟದಿಂದಲೇ ಶುರುಮಾಡಿ.